ನೀರಿನ ವರದಿಯಲ್ಲಿ ‘ಕೋಲಿಫಾರ್ಮ್ 110’ ಅಂತ ಬಂದರೆ ಏನರ್ಥ?

ಮಳೆಗಾಲ ಶುರುವಾದರೆ ಸಾಕು, ‘ಕಲುಷಿತ ನೀರು ಕುಡಿದು ಹಲವರು ಅಸ್ವಸ್ಥ’ ಎಂಬ ಸುದ್ದಿ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಬರುತ್ತಲೇ ಇರುತ್ತದೆ. 2022ರಲ್ಲಿ ರಾಯಚೂರು ನಗರದಲ್ಲಿ, 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಇಂಥ ಪ್ರಕರಣಗಳಲ್ಲಿ ಜನ ಜೀವವನ್ನೇ ಕಳೆದುಕೊಂಡರು. ಪ್ರತಿ ಸಲವೂ ನೀರಿನ ಸ್ಯಾಂಪಲ್ ಲ್ಯಾಬಿಗೆ ಹೋಗುತ್ತದೆ. ಎರಡು ಮೂರು ದಿನ ಬಿಟ್ಟು ಒಂದು ಹಾಳೆ ಬರುತ್ತದೆ. ಅದರಲ್ಲಿ ‘ಒಟ್ಟು ಕೋಲಿಫಾರ್ಮ್: 100 ಮಿ.ಲೀ.ಗೆ 110 ಎಂಪಿಎನ್, ಕುಡಿಯಲು ಯೋಗ್ಯವಲ್ಲ’ ಎಂದು ಬರೆದಿರುತ್ತದೆ.

ಊರಿನವರಿಗೆ ಇದರಲ್ಲಿ ಅರ್ಥವಾಗುವುದು ಕೊನೆಯ ಎರಡು ಪದ ಮಾತ್ರ. ಕಾಲರಾ ಬಂದಿದೆಯಾ, ಟೈಫಾಯ್ಡ್ ಬಂದಿದೆಯಾ ಅಂತ ಕೇಳಿದರೆ ಹಾಳೆಯಲ್ಲಿ ಉತ್ತರವಿಲ್ಲ. 110 ಅಂದರೆ ಜಾಸ್ತಿಯಾ ಕಮ್ಮಿಯಾ, ಅದೂ ಗೊತ್ತಿಲ್ಲ. ಆ ಸಂಖ್ಯೆ ಹೇಗೆ ಹುಟ್ಟುತ್ತದೆ, ಅದು ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದನ್ನು ಒಂದೊಂದಾಗಿ ನೋಡೋಣ.

ನೀರಿನಿಂದ ಯಾವ ರೋಗಾಣು ಬರುತ್ತವೆ?

ನೀರಿನಿಂದ ಹರಡುವ ಹೆಚ್ಚಿನ ಕಾಯಿಲೆಗಳ ದಾರಿ ಒಂದೇ. ರೋಗಿಯ ಮಲದಲ್ಲಿ ಹೊರಬಿದ್ದ ರೋಗಾಣು ನೀರು ಸೇರಿ, ಇನ್ನೊಬ್ಬರ ಬಾಯಿಗೆ ಹೋಗುತ್ತದೆ. ಇವುಗಳಲ್ಲಿ ಮೂರು ಬಗೆ. ಕಾಲರಾ, ಟೈಫಾಯ್ಡ್, ರಕ್ತಭೇದಿ ತರುವ ಬ್ಯಾಕ್ಟೀರಿಯಾ ಒಂದು. ಕಾಮಾಲೆ ತರುವ ಹೆಪಟೈಟಿಸ್ ಎ ಮತ್ತು ಇ, ಮಕ್ಕಳಿಗೆ ಭೇದಿ ಹಿಡಿಸುವ ರೋಟಾದಂಥ ವೈರಸ್ ಇನ್ನೊಂದು. ಅಮೀಬಾ, ಜಿಯಾರ್ಡಿಯಾ, ಕ್ರಿಪ್ಟೋಸ್ಪೊರಿಡಿಯಂ ಎಂಬ ಏಕಕೋಶ ಜೀವಿಗಳು ಮೂರನೆಯ ಬಗೆ.

ಕ್ಲೋರಿನ್ ಬಿದ್ದರೆ ಬ್ಯಾಕ್ಟೀರಿಯಾ ಬೇಗ ಸಾಯುತ್ತವೆ. ವೈರಸ್‌ಗಳಿಗೆ ಸಾಮಾನ್ಯವಾಗಿ ಇನ್ನಷ್ಟು ಕ್ಲೋರಿನ್, ಇನ್ನಷ್ಟು ಹೊತ್ತು ಬೇಕು. ಏಕಕೋಶ ಜೀವಿಗಳು ಗಟ್ಟಿ ಚಿಪ್ಪಿನೊಳಗೆ ಕೂತಿರುತ್ತವೆ. ಅದರಲ್ಲೂ ಕ್ರಿಪ್ಟೋಸ್ಪೊರಿಡಿಯಂ ನಾವು ಕುಡಿಯುವ ನೀರಿಗೆ ಹಾಕುವ ಮಟ್ಟದ ಕ್ಲೋರಿನ್‌ಗೆ ಜಗ್ಗುವುದೇ ಇಲ್ಲ. ಈ ವ್ಯತ್ಯಾಸ ಮುಂದೆ ಒಂದು ಕಡೆ ಬೇಕಾಗುತ್ತದೆ.

ಕಾಯಿಲೆ ಕಾಣಿಸಿಕೊಳ್ಳುವ ಹೊತ್ತೂ ಬೇರೆ ಬೇರೆ. ಕಾಲರಾ ಕೆಲವೇ ಗಂಟೆಯಿಂದ ಐದು ದಿನದೊಳಗೆ ಬರುತ್ತದೆ. ಟೈಫಾಯ್ಡ್‌ಗೆ ಒಂದರಿಂದ ಮೂರು ವಾರ ಬೇಕು. ನೀರಿನಿಂದ ಬರುವ ಕಾಮಾಲೆ ಎರಡು ವಾರದಿಂದ ಎರಡು ತಿಂಗಳವರೆಗೂ ತೆಗೆದುಕೊಳ್ಳಬಹುದು. ಹಾಗಾಗಿ ಇವತ್ತು ಊರಲ್ಲಿ ಕಾಮಾಲೆ ಕಾಣಿಸಿಕೊಂಡು, ಇವತ್ತೇ ನೀರು ಪರೀಕ್ಷೆ ಮಾಡಿ, ಅದು ಶುದ್ಧ ಅಂತ ಬಂದರೆ ನೀರಿನದು ತಪ್ಪಿಲ್ಲ ಎಂದು ಹೇಳಲು ಬರುವುದಿಲ್ಲ. ಕಾಯಿಲೆ ತಂದ ನೀರು ಹೋದ ತಿಂಗಳೇ ಹರಿದುಹೋಗಿರುತ್ತದೆ.

ರೋಗಾಣುವನ್ನೇ ಯಾಕೆ ಹುಡುಕುವುದಿಲ್ಲ?

ಕಾಲರಾ ರೋಗಾಣು ಇದೆಯಾ ಅಂತ ನೇರವಾಗಿ ನೋಡಿಬಿಡಬಹುದಲ್ವಾ ಎಂದು ಯಾರಿಗಾದರೂ ಅನ್ನಿಸುತ್ತದೆ. ಕಾಯಿಲೆ ಹರಡಿದಾಗ ನೋಡುತ್ತಾರೆ ಕೂಡ. ಆದರೆ ಪ್ರತಿ ಊರಿನ ನೀರನ್ನು ಹೀಗೆ ನೋಡಿಕೊಂಡು ಕೂರುವುದು ಆಗದ ಕೆಲಸ. ರೋಗಾಣುಗಳ ಬಗೆ ಹತ್ತಾರು, ಒಂದೊಂದಕ್ಕೂ ಬೇರೆ ಪರೀಕ್ಷೆ. ವೈರಸ್ ಹುಡುಕುವ ಸೌಕರ್ಯ ಜಿಲ್ಲಾ ಮಟ್ಟದ ನೀರಿನ ಲ್ಯಾಬ್‌ಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಊರಲ್ಲಿ ಯಾರಿಗೂ ಕಾಲರಾ ಇಲ್ಲದ ದಿನ ಚರಂಡಿ ನೀರಿನಲ್ಲೂ ಕಾಲರಾ ಸಿಗದೇ ಇರಬಹುದು. ಆ ದಿನ ಪರೀಕ್ಷೆ ಮಾಡಿ ‘ಇಲ್ಲ’ ಅಂತ ಬರೆದುಕೊಟ್ಟರೆ, ಜನ ಚರಂಡಿ ಬೆರೆತ ನೀರನ್ನೇ ನಿಶ್ಚಿಂತೆಯಿಂದ ಕುಡಿಯುತ್ತಾರೆ. ನಾಳೆ ಒಬ್ಬ ರೋಗಿ ಬಂದರೆ ಇಡೀ ಬೀದಿ ಮಲಗುತ್ತದೆ.

ಆದ್ದರಿಂದ ಪ್ರಶ್ನೆಯನ್ನೇ ಬದಲಾಯಿಸಿಕೊಂಡಿದ್ದಾರೆ. ರೋಗಾಣು ಇದೆಯಾ ಎಂದು ಕೇಳುವ ಬದಲು, ಈ ನೀರಿಗೆ ಮಲ ಸೇರಿದೆಯಾ ಎಂದು ಕೇಳುತ್ತಾರೆ. ಹಾಲಿನ ಡೇರಿಯಲ್ಲಿ ಲ್ಯಾಕ್ಟೋಮೀಟರ್ ಅದ್ದುವುದನ್ನು ನೋಡಿದ್ದೀರಲ್ಲ? ಅದು ಹಾಲಿನೊಳಗಿನ ನೀರನ್ನು ಹುಡುಕಿ ತೆಗೆಯುವುದಿಲ್ಲ. ಹಾಲಿನ ಸಾಂದ್ರತೆ ನೋಡಿ, ನೀರು ಬೆರೆತಿರಬೇಕು ಎಂದು ಹೇಳುತ್ತದೆ. ಕೋಲಿಫಾರ್ಮ್ ಪರೀಕ್ಷೆಯ ರೀತಿಯೂ ಹಾಗೆಯೇ.

ಈ ಕೆಲಸಕ್ಕೆ ಆರಿಸಿಕೊಂಡಿರುವುದು ಇ. ಕೋಲಿ ಎಂಬ ಬ್ಯಾಕ್ಟೀರಿಯಾ ಮತ್ತು ಅದರ ನೆಂಟರನ್ನು. 1885ರಲ್ಲಿ ಥಿಯೊಡೋರ್ ಎಶರಿಕ್ ಎಂಬ ವೈದ್ಯರು ಮಕ್ಕಳ ಮಲದಲ್ಲಿ ಇದನ್ನು ಗುರುತಿಸಿದರು. ಆರೋಗ್ಯವಾಗಿರುವ ಮನುಷ್ಯ, ದನ, ಕೋಳಿ, ನಾಯಿ ಎಲ್ಲರ ಕರುಳಲ್ಲೂ ಇದು ಇರುತ್ತದೆ. ಮನುಷ್ಯರ ಒಂದು ಗ್ರಾಂ ಮಲದಲ್ಲಿ ಕೋಟಿಗಟ್ಟಲೆ ಸಿಗುತ್ತದೆ. ಹಾಗಾಗಿ ಒಂದಿಷ್ಟು ಮಲ ಬಹಳ ನೀರಿಗೆ ಸೇರಿದ್ದರೂ ಹಿಡಿಯಬಹುದು. ಬೆಳೆಸುವುದು ಸುಲಭ, ಖರ್ಚೂ ಕಮ್ಮಿ. ಇ. ಕೋಲಿಯ ಕೆಲವು ತಳಿಗಳು ತಾವೇ ಭೇದಿ ತರುತ್ತವೆ, ಆದರೆ ಹೆಚ್ಚಿನವು ನಿರುಪದ್ರವಿಗಳು. ವರದಿಯಲ್ಲಿ ಇ. ಕೋಲಿ ಎಂದು ಇದ್ದರೆ ಅದನ್ನು ಕಾಯಿಲೆಯ ಹೆಸರು ಅಂದುಕೊಳ್ಳಬೇಡಿ. ಅದು ದಾರಿಯ ಗುರುತು. ಅದು ಬಂದ ದಾರಿಯಲ್ಲೇ ಟೈಫಾಯ್ಡ್ ಕೂಡ ಬರಬಹುದು.

ಒಟ್ಟು ಕೋಲಿಫಾರ್ಮ್, ಮಲ ಕೋಲಿಫಾರ್ಮ್, ಇ. ಕೋಲಿ

ವರದಿಯಲ್ಲಿ ಇವು ಬೇರೆ ಬೇರೆ ಸಾಲಿನಲ್ಲಿ ಇರುತ್ತವೆ. ಒಂದರೊಳಗೊಂದು ಸೇರಿದ ಗುಂಪುಗಳಿವು.

ಒಟ್ಟು ಕೋಲಿಫಾರ್ಮ್ ಅನ್ನುವುದು ದೊಡ್ಡ ಗುಂಪು. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಹುಳಿಸಿ ಗ್ಯಾಸ್ ಬಿಡುವ ಬ್ಯಾಕ್ಟೀರಿಯಾಗಳೆಲ್ಲ ಇದರಲ್ಲಿ ಬರುತ್ತವೆ. ಅವುಗಳಲ್ಲಿ ಕೆಲವು ಮಣ್ಣಿನಲ್ಲಿ, ಕೊಳೆತ ಎಲೆಯಲ್ಲಿ, ಪೈಪಿನೊಳಗಿನ ಲೋಳೆಯಲ್ಲಿ ಸುಮ್ನೆ ಬದುಕಿಕೊಂಡಿರುತ್ತವೆ. ಹಾಗಾಗಿ ಬರೀ ಒಟ್ಟು ಕೋಲಿಫಾರ್ಮ್ ಬಂದು ಇ. ಕೋಲಿ ಬರದಿದ್ದರೆ, ಎಲ್ಲೋ ಹೊರಗಿನ ಮಣ್ಣುನೀರು ಒಳಗೆ ಹೋಗಿದೆ, ಇಲ್ಲವೇ ಟ್ಯಾಂಕ್ ತೊಳೆದಿಲ್ಲ, ಕ್ಲೋರಿನ್ ಸಾಲದಾಗಿದೆ ಎಂದು ತಿಳಿಯಬೇಕು. ಮಲವೇ ಸೇರಿದೆ ಎಂದು ಅಷ್ಟರಿಂದ ಹೇಳಲಾಗದು.

ಮಲ ಕೋಲಿಫಾರ್ಮ್ ಎಂದರೆ 44.5 ಡಿಗ್ರಿ ಶಾಖದಲ್ಲೂ ಬೆಳೆಯಬಲ್ಲವು. ಬಿಸಿರಕ್ತದ ಪ್ರಾಣಿಗಳ ಕರುಳಿಗೆ ಒಗ್ಗಿದವು ಈ ಶಾಖ ತಾಳುತ್ತವೆ, ಮಣ್ಣಿನವು ಬಹುಮಟ್ಟಿಗೆ ತಾಳುವುದಿಲ್ಲ. ಅದರೊಳಗಿನ ಖಚಿತ ಸಾಕ್ಷಿ ಇ. ಕೋಲಿ. ಅದು ನೀರಿನಲ್ಲಿ ಸಾಮಾನ್ಯವಾಗಿ ಬಹಳ ಕಾಲ ಬದುಕುವುದಿಲ್ಲ. ಆದ್ದರಿಂದ ಇ. ಕೋಲಿ ಸಿಕ್ಕರೆ ಮಲ ಸೇರಿದ್ದು ಇತ್ತೀಚೆಗೆ ಎಂದೇ ಅರ್ಥ.

ನಮ್ಮ ದೇಶದ ಕುಡಿಯುವ ನೀರಿನ ಮಾನದಂಡ ಐಎಸ್ 10500 ಪ್ರಕಾರ ಯಾವುದೇ 100 ಮಿ.ಲೀ. ಸ್ಯಾಂಪಲ್‌ನಲ್ಲಿ ಇ. ಕೋಲಿಯಾಗಲಿ ಮಲ ಕೋಲಿಫಾರ್ಮ್ ಆಗಲಿ ಸಿಗಲೇಬಾರದು. ಫ್ಲೋರೈಡ್, ಗಡಸುತನದಂಥ ವಿಷಯದಲ್ಲಿ ಇಷ್ಟರವರೆಗೆ ಪರವಾಗಿಲ್ಲ ಎಂಬ ಮಿತಿ ಇದೆ. ಇದಕ್ಕೆ ಅಂಥ ರಿಯಾಯಿತಿ ಇಲ್ಲ. ತುರ್ತು ಎಷ್ಟು ಎಂದು ಅಳೆಯಲು ಮಾತ್ರ ಇ. ಕೋಲಿಯ ಸಂಖ್ಯೆ ಉಪಯೋಗಕ್ಕೆ ಬರುತ್ತದೆ. 100 ಮಿ.ಲೀ.ಗೆ 1ರಿಂದ 10 ಇದ್ದರೆ ಮಧ್ಯಮ ಅಪಾಯ, 11ರಿಂದ 100 ಇದ್ದರೆ ಹೆಚ್ಚು, 100 ದಾಟಿದರೆ ಅತಿ ಹೆಚ್ಚು ಎಂದು ಸ್ಥೂಲವಾಗಿ ವಿಂಗಡಿಸುತ್ತಾರೆ.

ಹದಿನೈದು ಕೊಳವೆಗಳ ಲೆಕ್ಕ

ಈಗ 110 ಎಲ್ಲಿಂದ ಬಂತು ನೋಡೋಣ. ಬ್ಯಾಕ್ಟೀರಿಯಾ ಕಣ್ಣಿಗೆ ಕಾಣುವುದಿಲ್ಲ, ಒಂದೊಂದಾಗಿ ಎಣಿಸಲೂ ಆಗುವುದಿಲ್ಲ. ಅದಕ್ಕೆ ಲ್ಯಾಬ್‌ಗಳಲ್ಲಿ ಒಂದು ಹಳೆಯ, ಬಹಳ ಜಾಣ ವಿಧಾನ ಇದೆ.

ಗಾಜಿನ ಹದಿನೈದು ಕೊಳವೆಗಳನ್ನು ಸ್ಟ್ಯಾಂಡಿನಲ್ಲಿ ಮೂರು ಸಾಲಾಗಿ ನಿಲ್ಲಿಸಿರುತ್ತಾರೆ. ಎಲ್ಲದರಲ್ಲೂ ನೇರಳೆ ಬಣ್ಣದ ದ್ರವ. ಅದರಲ್ಲಿ ಲ್ಯಾಕ್ಟೋಸ್ ಇದೆ, ಕರುಳಿನವಲ್ಲದ ಬ್ಯಾಕ್ಟೀರಿಯಾವನ್ನು ತಡೆಯುವ ಪಿತ್ತದ ಉಪ್ಪು ಇದೆ, ಹುಳಿಯಾದರೆ ಹಳದಿಗೆ ತಿರುಗುವ ಬಣ್ಣ ಇದೆ. ಪ್ರತಿ ಕೊಳವೆಯೊಳಗೆ ಕಿರುಬೆರಳಿಗಿಂತ ಸಣ್ಣದಾದ ಇನ್ನೊಂದು ಕೊಳವೆಯನ್ನು ತಲೆಕೆಳಗಾಗಿ ಮುಳುಗಿಸಿರುತ್ತಾರೆ. ಅದಕ್ಕೆ ಡರ್ಹಮ್ ಕೊಳವೆ ಅನ್ನುತ್ತಾರೆ.

ಮೊದಲ ಸಾಲಿನ ಐದಕ್ಕೆ ತಲಾ 10 ಮಿ.ಲೀ. ನೀರು ಹಾಕುತ್ತಾರೆ. ಎರಡನೆಯ ಸಾಲಿನ ಐದಕ್ಕೆ ತಲಾ 1 ಮಿ.ಲೀ., ಮೂರನೆಯ ಸಾಲಿನ ಐದಕ್ಕೆ ತಲಾ 0.1 ಮಿ.ಲೀ. ಆಮೇಲೆ 37 ಡಿಗ್ರಿ ಶಾಖದ ಪೆಟ್ಟಿಗೆಯಲ್ಲಿ ಒಂದರಿಂದ ಎರಡು ದಿನ ಇಡುತ್ತಾರೆ. ಕೋಲಿಫಾರ್ಮ್ ಒಂದೇ ಒಂದು ಬಿದ್ದಿದ್ದರೂ ಅದು ಬೆಳೆದು ಕೋಟಿಯಾಗುತ್ತದೆ. ದ್ರವ ಹಳದಿಯಾಗುತ್ತದೆ. ಒಳಗಿನ ಪುಟ್ಟ ಕೊಳವೆಯ ತುದಿಯಲ್ಲಿ ಗ್ಯಾಸ್ ಗುಳ್ಳೆ ಕಟ್ಟುತ್ತದೆ. ಗುಳ್ಳೆ ಇದ್ದರೆ ಪಾಸಿಟಿವ್.

ಒಂದು ಸ್ಯಾಂಪಲ್‌ನಲ್ಲಿ ಮೊದಲ ಸಾಲಿನ ಐದಕ್ಕೆ ಐದೂ, ಎರಡನೆಯದರಲ್ಲಿ ಮೂರು, ಮೂರನೆಯದರಲ್ಲಿ ಒಂದು ಪಾಸಿಟಿವ್ ಬಂದವು ಅಂದುಕೊಳ್ಳಿ. 10 ಮಿ.ಲೀ. ಎಲ್ಲಿಂದ ತೆಗೆದರೂ ಬ್ಯಾಕ್ಟೀರಿಯಾ ಸಿಗುತ್ತಿದೆ. 1 ಮಿ.ಲೀ. ತೆಗೆದರೆ ಒಮ್ಮೆ ಸಿಗುತ್ತದೆ, ಒಮ್ಮೆ ಸಿಗುವುದಿಲ್ಲ. ಅಂದರೆ ಸರಾಸರಿ ಒಂದು ಮಿ.ಲೀ.ಗೆ ಒಂದರ ಆಸುಪಾಸು ಇರಬೇಕು. 100 ಮಿ.ಲೀ.ಗೆ ಲೆಕ್ಕ ಹಾಕಿದರೆ ನೂರರ ಹತ್ತಿರ. ಮೂರೂ ಸಾಲುಗಳನ್ನು ಒಟ್ಟಿಗೆ ಇಟ್ಟು ಸಂಭವನೀಯತೆಯ ಲೆಕ್ಕದಿಂದ ಮಾಡಿಟ್ಟ ಕೋಷ್ಟಕ ನೋಡಿದರೆ 5–3–1ಕ್ಕೆ 110 ಎಂದು ಸಿಗುತ್ತದೆ. ಎಂಪಿಎನ್ ಅಂದರೆ ಇದೇ, ಅತ್ಯಂತ ಸಂಭವನೀಯ ಸಂಖ್ಯೆ.

ಇದು ಅಂದಾಜು. ಅದೇ ಕೋಷ್ಟಕದ ಪಕ್ಕದಲ್ಲೇ ನಿಜವಾದ ಸಂಖ್ಯೆ ಸುಮಾರು 40ರಿಂದ 300ರವರೆಗೆ ಎಲ್ಲಿಯಾದರೂ ಇರಬಹುದು ಎಂದೂ ಕೊಟ್ಟಿರುತ್ತಾರೆ. ಹೋದ ತಿಂಗಳು 110 ಇತ್ತು, ಈ ತಿಂಗಳು 70 ಬಂತು, ನೀರು ಸುಧಾರಿಸಿದೆ ಎಂದು ಯಾರಾದರೂ ಹೇಳಿದರೆ ಆ ಮಾತಿಗೆ ಆಧಾರವಿಲ್ಲ. 110 ಇದ್ದದ್ದು ‘ಪತ್ತೆಯಾಗಿಲ್ಲ’ಕ್ಕೆ ಬಂದರೆ ಅದನ್ನು ಸುಧಾರಣೆ ಎನ್ನಬಹುದು.

ಇನ್ನೊಂದು ಸೂಕ್ಷ್ಮ ಇದೆ, ಇದನ್ನು ಬಹಳ ಜನ ಗಮನಿಸುವುದಿಲ್ಲ. ಹದಿನೈದು ಕೊಳವೆಗೂ ಸೇರಿ ಹಾಕಿದ ನೀರು ಎಷ್ಟು? 50, 5 ಮತ್ತು ಅರ್ಧ. ಒಟ್ಟು 55.5 ಮಿ.ಲೀ. ಎಲ್ಲವೂ ನೆಗೆಟಿವ್ ಬಂದರೆ ಲ್ಯಾಬ್‌ನವರು ಸೊನ್ನೆ ಎಂದು ಬರೆಯುವುದಿಲ್ಲ, ‘2ಕ್ಕಿಂತ ಕಡಿಮೆ’ ಎಂದು ಬರೆಯುತ್ತಾರೆ. ಮಾನದಂಡ ಕೇಳುವುದು 100 ಮಿ.ಲೀ.ನಲ್ಲಿ ಒಂದೂ ಇರಬಾರದು ಎಂದು. ಅದಕ್ಕಾಗಿಯೇ ಶುದ್ಧೀಕರಿಸಿದ ನೀರಿಗೆ ಪೂರ್ತಿ 100 ಮಿ.ಲೀ. ಬಳಸುವ ವಿಧಾನ ಒಳ್ಳೆಯದು. ಸಣ್ಣ ರಂಧ್ರಗಳ ಫಿಲ್ಟರ್ ಹಾಳೆಯ ಮೇಲೆ 100 ಮಿ.ಲೀ. ಸೋಸಿ, ಆ ಹಾಳೆಯ ಮೇಲೆ ಬೆಳೆದ ಚುಕ್ಕೆಗಳನ್ನು ಎಣಿಸುವುದು ಅಂಥ ಒಂದು ವಿಧಾನ.

ಗುಳ್ಳೆ ಬಂದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಪಾಸಿಟಿವ್ ಕೊಳವೆಯಿಂದ ಒಂದು ಹನಿಯಷ್ಟು ತೆಗೆದು ಬೇರೆ ದ್ರವದಲ್ಲಿ, 44.5 ಡಿಗ್ರಿಯಲ್ಲಿ ಮತ್ತೆ ಬೆಳೆಸಿ ಖಚಿತಪಡಿಸಿಕೊಳ್ಳಬೇಕು. ಹೀಗಾಗಿ ಪೂರ್ತಿ ಫಲಿತಾಂಶಕ್ಕೆ ಎರಡರಿಂದ ನಾಲ್ಕು ದಿನ ಬೇಕು. ವರದಿ ನಿಮ್ಮ ಕೈಗೆ ಬರುವ ಹೊತ್ತಿಗೆ ಆ ನೀರನ್ನು ಊರೆಲ್ಲ ಕುಡಿದಾಗಿರುತ್ತದೆ.

ಬಾಟಲಿ ಹಿಡಿಯುವಲ್ಲೇ ಕೆಡುವುದು

ಸ್ಯಾಂಪಲ್ ಸರಿಯಿಲ್ಲದಿದ್ದರೆ ಲ್ಯಾಬ್ ಎಷ್ಟು ಚೆನ್ನಾಗಿದ್ದರೂ ಪ್ರಯೋಜನವಿಲ್ಲ. ಅಂಗಡಿಯ ಖಾಲಿ ನೀರಿನ ಬಾಟಲಿ ತೊಳೆದು ಅದರಲ್ಲಿ ಹಿಡಿದು ಕಳಿಸುವುದು ಬಹಳ ಕಡೆ ನಡೆಯುತ್ತದೆ. ಅದರಿಂದ ಬಂದ ಫಲಿತಾಂಶವನ್ನು ನಂಬಲಾಗದು. ಲ್ಯಾಬ್‌ನವರೇ ಕೊಡುವ, ಶಾಖದಲ್ಲಿ ಸ್ಟೆರಿಲೈಸ್ ಮಾಡಿದ ಬಾಟಲಿ ಬೇಕು.

ಆ ಬಾಟಲಿಯೊಳಗೆ ಸೋಡಿಯಂ ಥಯೋಸಲ್ಫೇಟ್ ಎಂಬ ಪುಡಿ ಅಥವಾ ಹನಿ ಇರುತ್ತದೆ. ಕೊಳೆ ಇರಬೇಕು ಎಂದುಕೊಂಡು ಅದನ್ನು ತೊಳೆದುಬಿಡುವವರಿದ್ದಾರೆ. ಅದು ಅಲ್ಲಿರುವುದು ಕ್ಲೋರಿನ್‌ನ ಕೆಲಸವನ್ನು ಆ ಕ್ಷಣಕ್ಕೆ ನಿಲ್ಲಿಸಲಿಕ್ಕೆ. ಅದಿಲ್ಲದಿದ್ದರೆ ನಲ್ಲಿಯಲ್ಲಿ ಜೀವಂತವಾಗಿದ್ದ ಬ್ಯಾಕ್ಟೀರಿಯಾ ಲ್ಯಾಬಿಗೆ ಹೋಗುವ ಬಸ್ಸಿನಲ್ಲಿ ಸಾಯುತ್ತವೆ, ವರದಿ ‘ಯೋಗ್ಯ’ ಎಂದು ಬರುತ್ತದೆ. ಇನ್ನು ಐಸ್ ಪೆಟ್ಟಿಗೆ ಇಲ್ಲದೆ ಬಿಸಿಲಲ್ಲಿ ಕಳಿಸಿದರೆ ಸಂಖ್ಯೆ ಏರಲೂಬಹುದು, ಇಳಿಯಲೂಬಹುದು. ತಣ್ಣಗಿಟ್ಟು ಆರು ಗಂಟೆಯೊಳಗೆ ತಲುಪಿಸಿದರೆ ಒಳ್ಳೆಯದು, 24 ಗಂಟೆ ದಾಟಲೇಬಾರದು.

ಮುಚ್ಚಳದ ಒಳಭಾಗ ಮುಟ್ಟಬಾರದು, ಬಾಟಲಿ ಅಂಚಿನವರೆಗೆ ತುಂಬಿಸಬಾರದು. ನಲ್ಲಿಗೆ ಪ್ಲಾಸ್ಟಿಕ್ ಪೈಪ್ ಸಿಕ್ಕಿಸಿದ್ದರೆ ಅದನ್ನು ಕಿತ್ತ ಮೇಲೆಯೇ ಹಿಡಿಯಬೇಕು. ಆ ಪೈಪಿನೊಳಗಿನ ಪಾಚಿಯೇ ಒಂದು ಪಾಸಿಟಿವ್ ವರದಿಗೆ ಸಾಕು.

ಹುಬ್ಬಳ್ಳಿ–ಧಾರವಾಡ ತೋರಿಸಿಕೊಟ್ಟದ್ದು

ನೀರು ಕೆಡುವುದು ಎಲ್ಲಿ? ಕೆರೆಯಲ್ಲಿ, ನದಿಯಲ್ಲಿ ಎಂದು ನಾವು ಅಂದುಕೊಳ್ಳುತ್ತೇವೆ. ಹುಬ್ಬಳ್ಳಿ–ಧಾರವಾಡದಲ್ಲಿ ನಡೆದ ಒಂದು ಅಧ್ಯಯನ ಬೇರೆಯದನ್ನೇ ತೋರಿಸಿತು. ಅವಳಿ ನಗರದ ಕೆಲವು ವಾರ್ಡ್‌ಗಳಿಗೆ ದಿನವಿಡೀ ನೀರು ಬರುವ ವ್ಯವಸ್ಥೆಯಾಗಿತ್ತು. ಉಳಿದ ಕಡೆ ಹಲವು ದಿನಕ್ಕೊಮ್ಮೆ ಕೆಲವು ಗಂಟೆ ಬಿಡುತ್ತಿದ್ದರು. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು ಒಂದು ವರ್ಷ ಎರಡೂ ಕಡೆಯ ನೀರನ್ನು ಹೋಲಿಸಿ, 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ದಿನವಿಡೀ ನೀರು ಬರುವ ಕಡೆ ನಲ್ಲಿಯ ಸ್ಯಾಂಪಲ್‌ಗಳಲ್ಲಿ 0.7 ಶೇಕಡಾದಲ್ಲಿ ಮಾತ್ರ ಇ. ಕೋಲಿ ಸಿಕ್ಕಿತು. ಬಿಟ್ಟು ಬಿಟ್ಟು ಬರುವ ಕಡೆ 31.7 ಶೇಕಡಾ ಸ್ಯಾಂಪಲ್‌ಗಳಲ್ಲಿ ಸಿಕ್ಕಿತು.

ಇಷ್ಟು ದೊಡ್ಡ ಅಂತರ ಯಾಕೆ? ಪೈಪಿನಲ್ಲಿ ನೀರು ತುಂಬಿ ಒತ್ತಡ ಇರುವವರೆಗೆ, ಎಲ್ಲಾದರೂ ಬಿರುಕಿದ್ದರೆ ನೀರು ಒಳಗಿನಿಂದ ಹೊರಕ್ಕೆ ಸೋರುತ್ತದೆ. ಪೋಲಾಗುತ್ತದೆ, ಕೆಡುವುದಿಲ್ಲ. ವಾಲ್ವ್ ಮುಚ್ಚಿದ ಕೂಡಲೇ ಪೈಪ್ ಖಾಲಿಯಾಗುತ್ತಾ ಹೋಗುತ್ತದೆ. ತಗ್ಗಿನ ಕಡೆ ನೀರು ಇಳಿದಂತೆ ಮೇಲಿನ ಕಡೆ ಎಳೆತ ಹುಟ್ಟುತ್ತದೆ. ಆಗ ಅದೇ ಬಿರುಕಿನಿಂದ ಹೊರಗಿನದು ಒಳಗೆ ಬರುತ್ತದೆ. ಪಕ್ಕದಲ್ಲಿ ಚರಂಡಿ ಇದ್ದರೆ ಚರಂಡಿಯದೇ ಬರುತ್ತದೆ. ನಮ್ಮ ಬೀದಿಗಳಲ್ಲಿ ಮನೆ ಕನೆಕ್ಷನ್ನಿನ ಪೈಪ್ ಚರಂಡಿಯನ್ನು ದಾಟಿಯೇ ಒಳಗೆ ಹೋಗಿರುತ್ತದೆ, ಎಷ್ಟೋ ಕಡೆ ಚರಂಡಿ ನೀರಿನಲ್ಲೇ ಮುಳುಗಿರುತ್ತದೆ. ಸೀದಾ ಲೈನಿಗೇ ಮೋಟರ್ ಹಚ್ಚಿ ಎಳೆಯುವವರು ಈ ಎಳೆತವನ್ನು ಇನ್ನೂ ಹೆಚ್ಚಿಸುತ್ತಾರೆ. ತಮಗೆ ನೀರು ಸಿಗುತ್ತದೆ, ಜೊತೆಗೆ ಚರಂಡಿಯೂ ಸಿಗುತ್ತದೆ ಎಂಬುದು ಅವರಿಗೆ ಗೊತ್ತಿರುವುದಿಲ್ಲ.

ಹೀಗೆ ಒಳಬಂದ ಕೊಳೆ ಪೈಪಿನಲ್ಲೇ ಕೂತು, ಮುಂದಿನ ಸಲ ನೀರು ಬಿಟ್ಟಾಗ ಮೊದಲ ನೀರಿನೊಂದಿಗೆ ಹೊರಬರುತ್ತದೆ. ಆದ್ದರಿಂದಲೇ ಮೊದಲ ಕೆಲವು ನಿಮಿಷದ ನೀರು ಕಂದಾಗಿ, ವಾಸನೆಯಾಗಿ ಇರುವುದು. ಇಲ್ಲೇ ಸ್ಯಾಂಪಲ್ ತೆಗೆಯುವವರಿಗೂ ಒಂದು ಮಾತು. ನಲ್ಲಿಯನ್ನು ಎರಡು ಮೂರು ನಿಮಿಷ ಹರಿಯಬಿಟ್ಟು ಆಮೇಲೆ ಹಿಡಿಯಬೇಕು ಎಂಬ ನಿಯಮ ಸದಾ ನೀರಿರುವ ಲೈನಿಗೆ ಸರಿ. ವಾರಕ್ಕೆರಡು ಸಲ ನೀರು ಬರುವ ಊರಲ್ಲಿ ಹಾಗೆ ಮಾತ್ರ ಮಾಡಿದರೆ ಕೆಟ್ಟ ನೀರೆಲ್ಲ ಹೋಗಿ ಒಳ್ಳೆಯ ನೀರು ಬಾಟಲಿ ಸೇರುತ್ತದೆ. ಅಂಥ ಕಡೆ ಮೊದಲ ನೀರಿನದೊಂದು, ಅರ್ಧ ಗಂಟೆ ಬಿಟ್ಟು ಇನ್ನೊಂದು ಹೀಗೆ ಎರಡು ಸ್ಯಾಂಪಲ್ ತೆಗೆದು, ಬಾಟಲಿಯ ಮೇಲೆ ಸಮಯ ಬರೆಯಬೇಕು.

ಒಂದು ಊರಿನ ನೀರನ್ನು ಜಾಡು ಹಿಡಿದು ನೋಡಿದರೆ

ಉದಾಹರಣೆಗೆ ಒಂದು ಹಳ್ಳಿ ತೆಗೆದುಕೊಳ್ಳೋಣ. ಒಂದು ಬೋರ್, 50,000 ಲೀಟರಿನ ಓವರ್‌ಹೆಡ್ ಟ್ಯಾಂಕ್, ಅಲ್ಲಿಂದ ಎರಡು ಲೈನ್. ಕೆಳಗಿನ ಕೇರಿಯಲ್ಲಿ ವಾಂತಿಭೇದಿ ಶುರುವಾಗಿದೆ. ಒಂದೇ ನಲ್ಲಿಯ ಸ್ಯಾಂಪಲ್ ಕಳಿಸಿದರೆ ನೀರು ಕೆಟ್ಟಿದೆ ಎಂದಷ್ಟೇ ಗೊತ್ತಾಗುತ್ತದೆ. ನೀರಿನ ದಾರಿಯುದ್ದಕ್ಕೂ ನಾಲ್ಕು ಕಡೆ ತೆಗೆದರೆ ಕಥೆಯೇ ಬೇರೆ.

ಬೋರಿನ ಬಾಯಲ್ಲಿ ತೆಗೆದದ್ದು ‘2ಕ್ಕಿಂತ ಕಡಿಮೆ’. ಟ್ಯಾಂಕಿನ ಹೊರಪೈಪಿನಲ್ಲೂ ಹಾಗೆಯೇ, ಅಲ್ಲಿ ಉಳಿದ ಕ್ಲೋರಿನ್ ಲೀಟರಿಗೆ 0.5 ಮಿ.ಗ್ರಾಂ. ಮೇಲಿನ ಕೇರಿಯ ನಲ್ಲಿಯಲ್ಲಿ ಬ್ಯಾಕ್ಟೀರಿಯಾ ಇಲ್ಲ, ಕ್ಲೋರಿನ್ 0.3. ಕೆಳಗಿನ ಕೇರಿಯ ಕೊನೆಯ ನಲ್ಲಿಯಲ್ಲಿ ಕೋಲಿಫಾರ್ಮ್ 110, ಇ. ಕೋಲಿ ಇದೆ, ಕ್ಲೋರಿನ್ ಸೊನ್ನೆ. ಬೋರ್ ಮತ್ತು ಟ್ಯಾಂಕ್ ಚೆನ್ನಾಗಿವೆ ಎಂದಾಯಿತು. ಕೆಡುತ್ತಿರುವುದು ಕೆಳಗಿನ ಲೈನಿನಲ್ಲಿ. ಟ್ಯಾಂಕ್ ತೊಳೆದು ಫೋಟೊ ತೆಗೆಸಿಕೊಂಡರೆ ಇಲ್ಲಿ ಏನೂ ಆಗುವುದಿಲ್ಲ. ಆ ಲೈನಿನ ವಾಲ್ವ್ ಗುಂಡಿ, ಚರಂಡಿ ದಾಟುವ ಜಾಗ, ಬಳಸದೆ ಬಿಟ್ಟ ಹಳೆ ಕನೆಕ್ಷನ್ ಇವನ್ನು ಹುಡುಕಿ ಅಗೆಯಬೇಕು. ವಾಲ್ವ್ ಗುಂಡಿಯಲ್ಲಿ ಕಪ್ಪು ನೀರು ನಿಂತಿದ್ದರೆ ಮೊದಲು ಅಲ್ಲಿಂದಲೇ ಶುರು ಮಾಡಬಹುದು.

ಕ್ಲೋರಿನ್ ಸೊನ್ನೆಯಾದದ್ದೂ ಒಂದು ಸುಳಿವು. ಕೊಳೆ ಒಳಬಂದಾಗ ಕ್ಲೋರಿನ್ ಅದರ ಜೊತೆ ಸೇರಿ ಖರ್ಚಾಗುತ್ತದೆ. ಮೇಲಿನ ಕೇರಿಯಲ್ಲಿ 0.3 ಇದ್ದದ್ದು ಸ್ವಲ್ಪ ದೂರದಲ್ಲೇ ಸೊನ್ನೆಯಾದರೆ ನಡುವೆ ಏನೋ ಸೇರಿದೆ ಎಂದು ಅನುಮಾನಿಸಬೇಕು. ಮಾನದಂಡದ ಪ್ರಕಾರ ನಲ್ಲಿಯಲ್ಲಿ ಕನಿಷ್ಠ 0.2 ಇರಬೇಕು, ವೈರಸ್ ಭಯ ಇದ್ದರೆ 0.5. ಇದರ ಪರೀಕ್ಷೆಗೆ ಒಂದೆರಡು ನಿಮಿಷ ಸಾಕು. ಹನಿ ಹಾಕಿದರೆ ಹಳದಿ ಅಥವಾ ಮಾತ್ರೆ ಹಾಕಿದರೆ ಗುಲಾಬಿ ಬಣ್ಣ ಬರುತ್ತದೆ, ಪಟ್ಟಿಯ ಜೊತೆ ಹೋಲಿಸುವುದಷ್ಟೇ. ಕೋಲಿಫಾರ್ಮ್ ವರದಿ ಮೂರು ದಿನದ ಹಿಂದಿನ ನೀರಿನದು, ಕ್ಲೋರಿನ್ ಪರೀಕ್ಷೆ ಈಗಿನ ನೀರಿನದು. ಪಂಚಾಯಿತಿಯ ನೀರುಗಂಟಿಗೆ ಈ ಕಿಟ್ ಕೊಟ್ಟು, ಕೊನೆಯ ನಲ್ಲಿಯಲ್ಲಿ ದಿನಾ ನೋಡಲು ಹೇಳಿದರೆ ಎಷ್ಟೋ ಅನಾಹುತ ತಪ್ಪುತ್ತದೆ ಎಂದು ನಾನು ನಂಬುತ್ತೇನೆ.

ಬ್ಲೀಚಿಂಗ್ ಪೌಡರ್ ಎಷ್ಟು ಹಾಕಬೇಕು ಎಂಬುದೂ ಲೆಕ್ಕದ ವಿಷಯ. ಈ ಟ್ಯಾಂಕಿಗೆ ಲೀಟರಿಗೆ 2 ಮಿ.ಗ್ರಾಂ. ಕ್ಲೋರಿನ್ ಕೊಡಬೇಕೆಂದರೆ ಒಟ್ಟು 100 ಗ್ರಾಂ ಕ್ಲೋರಿನ್ ಬೇಕು. ಪೌಡರಿನಲ್ಲಿ ಕ್ಲೋರಿನ್ 25 ಶೇಕಡಾ ಇದ್ದರೆ 400 ಗ್ರಾಂ ಪೌಡರ್. ಹೊಸ ಪೌಡರಿನಲ್ಲಿ 33 ಶೇಕಡಾವರೆಗೂ ಇರುತ್ತದೆ. ಬಾಯಿ ಬಿಚ್ಚಿ ತೇವದ ಕೋಣೆಯಲ್ಲಿ ಇಟ್ಟ ಚೀಲದಲ್ಲಿ ಅದು ಅರ್ಧಕ್ಕಿಂತ ಕೆಳಗಿಳಿದಿರಬಹುದು. ಆಗ ಅದೇ 400 ಗ್ರಾಂ ಹಾಕಿಯೂ ಕ್ಲೋರಿನ್ ಸಾಲುವುದಿಲ್ಲ. ಬಕೆಟ್ಟಿನಲ್ಲಿ ಕದಡಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿಯನ್ನು ಮಾತ್ರ ಟ್ಯಾಂಕಿಗೆ ಸುರಿದು, ಕನಿಷ್ಠ ಅರ್ಧ ಗಂಟೆ ಬಿಟ್ಟು ನೀರು ಬಿಡಬೇಕು.

ಹಳ್ಳಿಯಲ್ಲೇ ಮಾಡುವ ಕಪ್ಪು ಬಣ್ಣದ ಪರೀಕ್ಷೆ

ಲ್ಯಾಬ್ ದೂರ ಇರುವ ಕಡೆ ಒಂದು ಸುಲಭ ದಾರಿ ಇದೆ. 1982ರಲ್ಲಿ ಗ್ವಾಲಿಯರ್‌ನ ರಕ್ಷಣಾ ಪ್ರಯೋಗಾಲಯದ ಮಾಂಜಾ, ಮೌರ್ಯ ಮತ್ತು ರಾವ್ ಎಂಬ ವಿಜ್ಞಾನಿಗಳು ಪ್ರಕಟಿಸಿದ ವಿಧಾನ ಇದು. ಔಷಧಿ ಹಚ್ಚಿದ ಕಾಗದ ಇರುವ ಸಣ್ಣ ಬಾಟಲಿಗೆ ಗುರುತಿನವರೆಗೆ ನೀರು ತುಂಬಿ, ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಡುವುದು. ಕರುಳಿನಲ್ಲಿರುವ ಕೆಲವು ಬ್ಯಾಕ್ಟೀರಿಯಾ ಹೈಡ್ರೋಜನ್ ಸಲ್ಫೈಡ್ ಬಿಡುತ್ತವೆ, ಅದು ಕಾಗದದಲ್ಲಿರುವ ಕಬ್ಬಿಣದ ಜೊತೆ ಸೇರಿ ನೀರು ಕಪ್ಪಾಗುತ್ತದೆ. ಜಲ ಜೀವನ್ ಮಿಷನ್ ಅಡಿ ಹಳ್ಳಿಯ ಹೆಣ್ಣುಮಕ್ಕಳಿಗೆ ತರಬೇತಿ ಕೊಟ್ಟು ಮಾಡಿಸುವ ಪರೀಕ್ಷೆಗಳಲ್ಲಿ ಇದೂ ಒಂದು.

ಇದು ಸಂಖ್ಯೆ ಕೊಡುವುದಿಲ್ಲ, ಇದೆ ಅಥವಾ ಇಲ್ಲ ಅಷ್ಟೇ. ಇದು ಹಿಡಿಯುವುದು ಕೋಲಿಫಾರ್ಮನ್ನೇ ಅಲ್ಲ, ಹಾಗಾಗಿ ಲ್ಯಾಬ್ ವರದಿಗೂ ಇದಕ್ಕೂ ಕೆಲವು ಸಲ ತಾಳೆಯಾಗುವುದಿಲ್ಲ. ಕೊಳೆತ ಮೊಟ್ಟೆಯ ವಾಸನೆ ಬರುವ ಬೋರ್ ನೀರಿನಲ್ಲಿ ಮೊದಲೇ ಸಲ್ಫೈಡ್ ಇರುವುದರಿಂದ ಮಲ ಇಲ್ಲದೆಯೂ ಕಪ್ಪಾಗಬಹುದು. ಅಂಥ ನೀರು ತುಂಬಿದ ಸ್ವಲ್ಪ ಹೊತ್ತಿಗೇ ಬಣ್ಣ ತಿರುಗುತ್ತದೆ, ಬ್ಯಾಕ್ಟೀರಿಯಾದಿಂದ ಆಗುವುದಕ್ಕೆ ಹಲವು ಗಂಟೆ ಬೇಕು. ಬೇರೆ ಕಡೆ ಕಪ್ಪಾದರೆ ನೀರನ್ನು ಕುದಿಸಿ ಕುಡಿಯಲು ಹೇಳಿ, ಲ್ಯಾಬಿಗೆ ಸ್ಯಾಂಪಲ್ ಕಳಿಸುವುದು ಸರಿಯಾದ ಕ್ರಮ.

ಸೊನ್ನೆ ಬಂದರೂ ಕಾಯಿಲೆ ಬಂದದ್ದುಂಟು

ಈ ಪರೀಕ್ಷೆಯ ಮಿತಿ ತಿಳಿಯಲು ದೆಹಲಿಯ ಒಂದು ಘಟನೆ ನೋಡಬೇಕು. 1955ರ ಕೊನೆಯಲ್ಲಿ ನಜಫ್‌ಗಢ ನಾಲೆಯ ಕೊಳಚೆ, ವಜೀರಾಬಾದ್‌ನಲ್ಲಿ ಯಮುನೆಯಿಂದ ನಗರಕ್ಕೆ ನೀರೆತ್ತುವ ಜಾಗವನ್ನು ಸೇರಿತು. ಸಿಬ್ಬಂದಿ ಕ್ಲೋರಿನ್ ಹೆಚ್ಚಿಸಿದರು. ಕೆಲವು ವಾರದಲ್ಲಿ ನಗರದಲ್ಲಿ ಸುಮಾರು 29,000 ಜನರಿಗೆ ಕಾಮಾಲೆ ಬಂತು. ವಿಚಿತ್ರವೆಂದರೆ ಟೈಫಾಯ್ಡ್ ಆಗಲಿ ರಕ್ತಭೇದಿಯಾಗಲಿ ಹೆಚ್ಚಲಿಲ್ಲ. ಕ್ಲೋರಿನ್ ಬ್ಯಾಕ್ಟೀರಿಯಾವನ್ನು ಕೊಂದಿತ್ತು, ವೈರಸ್ ಮಾತ್ರ ಉಳಿದುಕೊಂಡಿತ್ತು. ಅದು ಹೆಪಟೈಟಿಸ್ ಇ ಇರಬೇಕೆಂದು ಎಷ್ಟೋ ವರ್ಷಗಳ ನಂತರ ತಿಳಿಯಿತು.

1993ರಲ್ಲಿ ಅಮೆರಿಕದ ಮಿಲ್ವಾಕಿ ನಗರದಲ್ಲಿ ಕ್ರಿಪ್ಟೋಸ್ಪೊರಿಡಿಯಂನಿಂದ ಸುಮಾರು ನಾಲ್ಕು ಲಕ್ಷ ಜನ ಕಾಯಿಲೆ ಬಿದ್ದಾಗಲೂ ಶುದ್ಧೀಕರಿಸಿದ ನೀರಿನ ಕೋಲಿಫಾರ್ಮ್ ಫಲಿತಾಂಶ ಸರಿಯಾಗಿಯೇ ಇತ್ತು. ಆಗ ಎಚ್ಚರಿಕೆ ಕೊಟ್ಟದ್ದು ನೀರಿನ ಬಗ್ಗಡ. ಫಿಲ್ಟರ್ ಸರಿಯಾಗಿ ಸೋಸುತ್ತಿರಲಿಲ್ಲ ಎಂದು ಅದು ತೋರಿಸುತ್ತಿತ್ತು.

ಹಾಗಾಗಿ ಇ. ಕೋಲಿ ಸಿಕ್ಕರೆ ನೀರು ಕೆಟ್ಟಿದೆ ಎಂದು ಧೈರ್ಯವಾಗಿ ಹೇಳಬಹುದು. ಸಿಗದಿದ್ದರೆ ನೀರು ಪೂರ್ತಿ ಸುರಕ್ಷಿತ ಎಂದು ಅಷ್ಟೇ ಧೈರ್ಯವಾಗಿ ಹೇಳಲಾಗದು. ವಿಶೇಷವಾಗಿ ಬಗ್ಗಡದ ನೀರಿಗೆ ಸುಮ್ಮನೆ ಕ್ಲೋರಿನ್ ಸುರಿದು ‘ಯೋಗ್ಯ’ ಎಂಬ ವರದಿ ತಂದರೆ ಅನುಮಾನಪಡಲೇಬೇಕು. ಬಗ್ಗಡದ ಕಣಗಳ ಮರೆಯಲ್ಲಿ ಕೂತ ರೋಗಾಣುವಿಗೆ ಕ್ಲೋರಿನ್ ತಾಗುವುದಿಲ್ಲ. ಮೊದಲು ತಿಳಿ ಮಾಡಬೇಕು, ಆಮೇಲೆ ಕ್ಲೋರಿನ್.

ವರದಿ ಕೈಗೆ ಬಂದ ಮೇಲೆ

‘ಯೋಗ್ಯವಲ್ಲ’ ಎಂದು ಬಂದ ದಿನದಿಂದಲೇ ಕುಡಿಯುವ ನೀರನ್ನು ಕುದಿಸಬೇಕು. ಬೆಚ್ಚಗೆ ಮಾಡಿದರೆ ಸಾಲದು. ನೀರು ಮರಳಿ, ಒಂದು ನಿಮಿಷ ಹಾಗೆಯೇ ಕುದಿಯಬೇಕು. ಕ್ಲೋರಿನ್‌ಗೆ ಸಾಯದ ಕ್ರಿಪ್ಟೋಸ್ಪೊರಿಡಿಯಂ ಕೂಡ ಇದರಲ್ಲಿ ಸಾಯುತ್ತದೆ. ಕುದಿಸಿದ ನೀರಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ, ಆದ್ದರಿಂದ ಕೈ ಅದ್ದಿದರೆ ಮತ್ತೆ ಕೆಡುತ್ತದೆ. ಹುಬ್ಬಳ್ಳಿ–ಧಾರವಾಡದ ಅಧ್ಯಯನದಲ್ಲಿ ಎರಡೂ ಬಗೆಯ ವಾರ್ಡ್‌ಗಳಲ್ಲೂ ನಲ್ಲಿಗಿಂತ ಮನೆಯೊಳಗೆ ತುಂಬಿಟ್ಟ ನೀರಿನಲ್ಲೇ ಬ್ಯಾಕ್ಟೀರಿಯಾ ಜಾಸ್ತಿ ಇದ್ದವು. ಲೋಟ ಅದ್ದುವ ಬಿಂದಿಗೆಗಿಂತ ನಲ್ಲಿ ಇರುವ ಡ್ರಮ್ ಅಥವಾ ಉದ್ದ ಹಿಡಿಯ ಸೌಟು ಒಳ್ಳೆಯದು.

ಪಂಚಾಯಿತಿಯನ್ನೋ ಪುರಸಭೆಯನ್ನೋ ಕೇಳಬೇಕಾದ ಪ್ರಶ್ನೆ ಎರಡು. ಸ್ಯಾಂಪಲನ್ನು ಯಾವ ನಲ್ಲಿಯಲ್ಲಿ, ನೀರು ಬಿಟ್ಟು ಎಷ್ಟು ಹೊತ್ತಿಗೆ ತೆಗೆದಿರಿ? ಆಗ ಆ ನಲ್ಲಿಯಲ್ಲಿ ಕ್ಲೋರಿನ್ ಎಷ್ಟಿತ್ತು? ಇವೆರಡಕ್ಕೆ ಉತ್ತರವಿಲ್ಲದಿದ್ದರೆ ‘ಯೋಗ್ಯ’ ಎಂಬ ವರದಿಗೂ ತೂಕವಿಲ್ಲ.

ರಿಪೇರಿ ಆಯಿತು ಎಂದ ಮೇಲೆ ಮರುಪರೀಕ್ಷೆ ಮಾಡುವಾಗ ಒಂದು ಎಚ್ಚರ ಬೇಕು. ಲೈನಿಗೆ ಭಾರಿ ಕ್ಲೋರಿನ್ ಕೊಟ್ಟ ಮರುದಿನ ತೆಗೆದ ಸ್ಯಾಂಪಲ್‌ನಲ್ಲಿ ಬ್ಯಾಕ್ಟೀರಿಯಾ ಸಿಗದಿದ್ದರೆ ಆಶ್ಚರ್ಯವೇನಿಲ್ಲ. ಕ್ಲೋರಿನ್ ಎಂದಿನ ಮಟ್ಟಕ್ಕೆ ಇಳಿಯುವವರೆಗೆ ಕಾದು, ಮೊದಲು ಕೆಟ್ಟ ಫಲಿತಾಂಶ ಬಂದ ಅದೇ ನಲ್ಲಿಯಲ್ಲಿ, ಮೊದಲ ನೀರನ್ನೇ ಹಿಡಿದು ಕಳಿಸಬೇಕು. ಕೆಲವು ದಿನ ಬಿಟ್ಟು ಇನ್ನೊಮ್ಮೆ, ಸಾಧ್ಯವಾದರೆ ಒಂದು ಜೋರು ಮಳೆಯ ನಂತರ ಮತ್ತೊಮ್ಮೆ. ಮಳೆಯ ನಂತರವೂ ಇ. ಕೋಲಿ ಸಿಗದೆ, ಕೊನೆಯ ನಲ್ಲಿಯಲ್ಲಿ ಕ್ಲೋರಿನ್ 0.2ಕ್ಕಿಂತ ಮೇಲೆ ನಿಂತರೆ ಸೋರಿಕೆ ಮುಚ್ಚಿದೆ ಎನ್ನಬಹುದು. ಮತ್ತೆ ಕಾಣಿಸಿಕೊಂಡರೆ ಅಗೆದ ಜಾಗ ಸರಿಯಿರಲಿಲ್ಲ ಎಂದರ್ಥ, ಲೈನಿನಲ್ಲಿ ಮುಂದಿನ ವಾಲ್ವ್ ಗುಂಡಿಯನ್ನು ತೆರೆದು ನೋಡಬೇಕು.